ಮರೆವೋ, ಮನಸ್ಸೋ?

ಕೇಳುಗರೆಲ್ಲರಿಗೂ ನಮಸ್ಕಾರ. ‘ತಲೆ ನನ್ನದು, ಪೆಟ್ಟು ಬಿದ್ದರೆ ನನಗೆ. ಹೆಲ್ಮೆಟ್ ಹಾಕು ಅನ್ನೋಕೆ ಸರ್ಕಾರ ಯಾರು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ನಾನೊಂದು ಕೇಳಬೇಕು: ನೀವು ಹೆಲ್ಮೆಟ್ ಬಿಟ್ಟು ಹೊರಟದ್ದು ಮರೆತೋ, ಯೋಚಿಸಿಯೋ?

1859ರಲ್ಲಿ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಒಂದು ಸೇತುವೆಯ ಉದಾಹರಣೆ ಕೊಟ್ಟರು. ಸೇತುವೆ ಶಿಥಿಲವಾಗಿದೆ, ಅದು ಗೊತ್ತಿಲ್ಲದೆ ಒಬ್ಬ ಕಾಲಿಡುತ್ತಿದ್ದಾನೆ, ಕೂಗಿ ಹೇಳುವಷ್ಟು ಹೊತ್ತಿಲ್ಲ. ಹಿಡಿದು ಎಳೆದರೆ ಅವನ ಸ್ವಾತಂತ್ರ್ಯಕ್ಕೇನೂ ಧಕ್ಕೆಯಿಲ್ಲ. ಹೊಳೆಗೆ ಬೀಳುವುದು ಅವನ ಇಚ್ಛೆಯಲ್ಲವಲ್ಲ! ಒಬ್ಬರ ಒಳಿತಿಗೆಂದೇ ಅವರನ್ನು ತಡೆಯುವುದಕ್ಕೆ ಪೋಷಕತ್ವ ಎನ್ನುತ್ತಾರೆ; ಇದು ಮೃದು ಪೋಷಕತ್ವ. ಎಲ್ಲ ತಿಳಿದೂ ಹೊರಟವನನ್ನು ಕಟ್ಟಿಹಾಕಿದರೆ ಅದು ಕಠಿಣ ಪೋಷಕತ್ವ.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 1974ರ ಮಾದರಿಯ ಕಾರುಗಳನ್ನು ನೋಡಿ. ಮುಂದಿನ ಸೀಟಿನವರು ಬೆಲ್ಟ್ ಹಾಕದಿದ್ದರೆ ಎಂಜಿನ್ ಸ್ಟಾರ್ಟೇ ಆಗುತ್ತಿರಲಿಲ್ಲ. ಸೀಟಿನೊಳಗೆ ಭಾರ ಗುರುತಿಸುವ ಸ್ವಿಚ್, ಕೊಂಡಿಯಲ್ಲಿ ಇನ್ನೊಂದು. ಕ್ರಮವೂ ತಪ್ಪುವಂತಿಲ್ಲ: ಮೊದಲು ಕೂರಬೇಕು, ಆಮೇಲೆ ಬೆಲ್ಟ್, ಆಮೇಲೆ ಕೀಲಿ. ಕೂರುವ ಮೊದಲೇ ಕೊಂಡಿ ಸಿಕ್ಕಿಸಿಟ್ಟು ಯಂತ್ರವನ್ನು ಮೋಸ ಮಾಡಬಾರದೆಂದು ಈ ಏರ್ಪಾಡು. ಆದರೆ ಆ ಸ್ವಿಚ್ಚಿಗೆ ಮನುಷ್ಯ ಯಾರು, ದಿನಸಿ ಚೀಲ ಯಾವುದು ಎಂದು ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ಭಾರದ ಚೀಲವಿಟ್ಟರೆ ಅದಕ್ಕೂ ಬೆಲ್ಟ್ ಕಟ್ಟಬೇಕು! ಜನ ರೇಗಿದರು, ವೈರನ್ನೇ ಕಿತ್ತುಹಾಕಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಇಂಥ ಬೀಗವನ್ನು ಕಡ್ಡಾಯ ಮಾಡಕೂಡದೆಂದು ಕಾನೂನು ತಂದಿತು. ಸಿಟ್ಟು ಎಷ್ಟಿತ್ತೆಂದರೆ, ಕಡ್ಡಾಯವಾಗಿ ಇಡಿಸುವ ಎಚ್ಚರಿಕೆಯ ಸದ್ದಿಗೂ 8 ಸೆಕೆಂಡಿನ ಮಿತಿ ಬಿತ್ತು.

ಸದ್ದನ್ನೂ ಬೀಗವನ್ನೂ ಒಂದೇ ತಕ್ಕಡಿಗೆ ಹಾಕಿದ್ದು ತಪ್ಪು. ಸದ್ದು ಮರೆತವನಿಗೆ ನೆನಪಿಸುತ್ತದೆ, ನಿರ್ಧಾರವನ್ನು ಅವನಿಗೇ ಬಿಡುತ್ತದೆ. ಬೀಗಕ್ಕೆ ಮರೆವೂ ಒಂದೇ, ಮನಸ್ಸೂ ಒಂದೇ.

ಹಾಗಾದರೆ ದಂಡ? ಅದು ಎರಡರ ನಡುವೆ ನಿಂತಿದೆ. ‘ಇಲ್ಲೇ ಎರಡು ಹೆಜ್ಜೆ ಹೋಗಿಬರ್ತೀನಿ’ ಎನ್ನುವವನು ಅಪಾಯವನ್ನು ತೂಗಿ ನೋಡಿ ಆ ಮಾತು ಹೇಳುತ್ತಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಂತೆ. ಮೂರನೇ ಮಹಡಿಯಿಂದ ‘ಇಲ್ಲೇ ಹತ್ತಿರ’ ಎಂದು ಯಾರಾದರೂ ಧುಮುಕುತ್ತಾರೆಯೇ? ಇಂಥವನಿಗೆ ದಂಡದ ಭಯವೂ ಸೇತುವೆಯ ಮೇಲೆ ಹಿಡಿದೆಳೆದ ಕೈಯೇ.

ನಿಜವಾಗಿ ಯೋಚಿಸಿ ಬೇಡವೆಂದವರೂ ಇದ್ದಾರೆ, ಅವರ ಮಟ್ಟಿಗೆ ದಂಡ ಕಠಿಣವೇ. ಬ್ರಿಟನ್ 1973ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿ, 1976ರಲ್ಲಿ ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಕೊಟ್ಟಿತು. ಪೇಟ ಕಟ್ಟಿದವರು ಹೆಲ್ಮೆಟ್ ಮರೆತು ಬಂದವರಲ್ಲವಲ್ಲ.

ಸಮಯ ಮುಗಿಯುತ್ತಿದೆ. ಹಿಂದಿನ ಸೀಟಿನವರಿಗೆ ಒಂದೇ ಮಾತು: ಈ ಸ್ವಾತಂತ್ರ್ಯದ ವಾದ ನಿಮಗೆ ಒದಗುವುದಿಲ್ಲ. ಬೆಲ್ಟ್ ಇಲ್ಲದ ನಿಮ್ಮ ಮೈ ಹೋಗಿ ಅಪ್ಪಳಿಸುವುದು ಮುಂದೆ ಕೂತವರ ಬೆನ್ನಿಗೆ. ನಮಸ್ಕಾರ.