ಓಟ ನಿಂತ ಮೇಲೆ ಹತ್ತುವ ದಮ್ಮು

ಕೇಳುಗರಿಗೆ ನಮಸ್ಕಾರ.

ಕಳೆದ ಚಳಿಗಾಲದಲ್ಲಿ ಸಿರುಗುಪ್ಪ ತಾಲೂಕಿನ ಹಳ್ಳಿಯೊಂದರಿಂದ 21 ವರ್ಷದ ಯುವಕನೊಬ್ಬ ಬಳ್ಳಾರಿಗೆ ನನ್ನ ಬಳಿ ಬಂದಿದ್ದ. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕಾಗಿ ಆರು ತಿಂಗಳಿಂದ ದಿನವೂ ನಸುಕಿನಲ್ಲಿ ಅಭ್ಯಾಸ ಮಾಡುತ್ತಿದ್ದವನು. ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಕೆಮ್ಮು ಶುರುವಾಗಿತ್ತು. ಎರಡು ಬಾರಿ ಕೆಮ್ಮಿನ ಔಷಧ, ಒಂದು ಬಾರಿ ಪ್ರತಿಜೀವಕ ಮಾತ್ರೆಗಳು ಮುಗಿದಿದ್ದವು, ಗುಣ ಕಂಡಿರಲಿಲ್ಲ. ಓಡುವಾಗ ಏನಾಗುತ್ತದೆ ಎಂದು ಕೇಳಿದಾಗ ಅವನು ಹೇಳಿದ ಮಾತು ಇದು: "ಓಡುವಾಗ ಏನೂ ಆಗಂಗಿಲ್ರೀ ಸರ. ಓಡಿ ಮುಗಿಸಿ ಕಟ್ಟಿ ಮ್ಯಾಲೆ ಕುಂತಿಂದ ಎದಿ ಬಿಗಿಯಾಗತೈತ್ರೀ."

ಆ ಒಂದು ವಾಕ್ಯದಲ್ಲಿ ರೋಗದ ಅರ್ಧ ಪರಿಚಯವಿತ್ತು. ವ್ಯಾಯಾಮದಿಂದ ಉಂಟಾಗುವ ಉಬ್ಬಸ ಬಹುಮಟ್ಟಿಗೆ ಓಟದ ನಡುವೆ ಅಲ್ಲ, ಓಟ ನಿಂತ ಮೇಲೆ ಜೋರಾಗುತ್ತದೆ. ಐದಾರು ನಿಮಿಷ ಬಿರುಸಾಗಿ ಓಡಿ ನಿಂತ ನಂತರ ಶ್ವಾಸನಾಳಗಳು ಕಿರಿದಾಗತೊಡಗುತ್ತವೆ. ಐದರಿಂದ ಹದಿನೈದು ನಿಮಿಷದೊಳಗೆ ಬಿಗಿತ ತನ್ನ ತುದಿಯನ್ನು ಮುಟ್ಟುತ್ತದೆ, ಆಮೇಲೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಸಾಮಾನ್ಯವಾಗಿ ತಾನಾಗಿಯೇ ಸಡಿಲಗೊಳ್ಳುತ್ತದೆ. ದೀರ್ಘ ಓಟಗಾರರಲ್ಲಿ ಓಡುತ್ತಿರುವಾಗಲೇ ಕಾಣಿಸಿಕೊಳ್ಳುವುದೂ ಉಂಟು. ಎದೆ ಬಿಗಿಯುವುದು, ಉಸಿರು ಬಿಡುವಾಗ ಸುಂಯ್ ಎನ್ನುವ ಸದ್ದು, ಒಣಕೆಮ್ಮು, ಇವು ಇದರ ಲಕ್ಷಣಗಳು. ಕೆಲವರಿಗೆ ಕೆಮ್ಮು ಬಿಟ್ಟು ಬೇರೇನೂ ಇರುವುದಿಲ್ಲ. ಅದಕ್ಕೇ ಇದನ್ನು ಧೂಳಿನ ಕೆಮ್ಮು, ನೆಗಡಿಯ ಕೆಮ್ಮು ಎಂದು ತಿಂಗಳುಗಟ್ಟಲೆ ತಳ್ಳಿಹಾಕಲಾಗುತ್ತದೆ. ಹಾಗಾಗಿ ಓಡುವವರು ಕೈಗಡಿಯಾರವನ್ನು ಓಟದ ವೇಗಕ್ಕಷ್ಟೇ ನೋಡಬಾರದು. ಓಟ ನಿಲ್ಲಿಸಿದ ಸಮಯ, ಕೆಮ್ಮು ಆರಂಭವಾದ ಸಮಯ, ಉಸಿರು ಸರಿಹೋದ ಸಮಯ, ಈ ಮೂರನ್ನು ಒಂದು ವಾರ ಬರೆದಿಟ್ಟುಕೊಂಡು ಬಂದರೆ ವೈದ್ಯರಿಗೆ ಅದು ಎದೆಯ ಎಕ್ಸ್‌ರೇಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದು ಏಕಾಗುತ್ತದೆ? ಸುಮ್ಮನೆ ಕುಳಿತಾಗ ನಾವು ಮೂಗಿನಿಂದ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ ಒಳಗೆ ಕಳಿಸುತ್ತದೆ. ಬಿರುಸಾಗಿ ಓಡುವಾಗ ಬಾಯಿ ತೆರೆಯುತ್ತದೆ, ನಿಮಿಷಕ್ಕೆ ಒಳಹೋಗುವ ಗಾಳಿ ಹತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ, ಆ ಒಣಗಾಳಿಯನ್ನು ತೇವಗೊಳಿಸುವ ಕೆಲಸ ಶ್ವಾಸನಾಳಗಳ ಮೇಲೆಯೇ ಬೀಳುತ್ತದೆ. ನಾಳದ ಒಳಮೈಯನ್ನು ಹೊದ್ದಿರುವ ತೆಳುವಾದ ನೀರಿನ ಪದರ ಆರುತ್ತದೆ, ಉಳಿದ ನೀರಿನಲ್ಲಿ ಲವಣದ ಸಾಂದ್ರತೆ ಏರುತ್ತದೆ. ಇದನ್ನು ಸಹಿಸದ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಮುಂತಾದ ರಾಸಾಯನಿಕಗಳನ್ನು ಹೊರಹಾಕುತ್ತವೆ, ಅವುಗಳಿಂದ ನಾಳದ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ. ಇಲ್ಲಿ ಮುಖ್ಯ ಅಪರಾಧಿ ಚಳಿಗಿಂತ ಒಣತನ. ತಂಪು ಗಾಳಿಯಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಡಿಸೆಂಬರ್, ಜನವರಿಯ ನಸುಕು ಕಷ್ಟ ಕೊಡುತ್ತದೆ ನಿಜ. ಆದರೆ ನಮ್ಮ ರಾಯಚೂರು, ಬಳ್ಳಾರಿ ಸೀಮೆಯ ಬೇಸಿಗೆಯ ಒಣಗಾಳಿಯೂ ಅದೇ ಕೆಲಸ ಮಾಡಬಲ್ಲದು. ಅದರ ಮೇಲೆ ರಾಶಿ ಮಾಡುವ ಕಣದ ಧೂಳು, ಗದ್ದೆಯಲ್ಲಿ ಸುಡುವ ಹುಲ್ಲಿನ ಹೊಗೆ, ಲಾರಿ ಓಡಾಡುವ ರಸ್ತೆಯ ಕೆಂಪುಮಣ್ಣು ಸೇರಿದರೆ ಮೊದಲೇ ಸೂಕ್ಷ್ಮವಾದ ನಾಳ ಇನ್ನಷ್ಟು ಕೆರಳುತ್ತದೆ. ಓಡಲು ರಸ್ತೆಯ ಅಂಚನ್ನು ಬಿಟ್ಟು ಶಾಲೆಯ ಮೈದಾನ ಹುಡುಕಿಕೊಳ್ಳಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಓಟಗಾರರ ದಮ್ಮೆಲ್ಲ ಉಬ್ಬಸವೇ ಅಲ್ಲ. ಇಲ್ಲಿ ತಪ್ಪಾಗುವುದು ಹೆಚ್ಚು. ಓಟದ ರಭಸ ಏರಿದಾಗಲೇ ಗಂಟಲು ಹಿಚುಕಿದಂತಾಗಿ, ಉಸಿರು ಒಳಗೆಳೆದುಕೊಳ್ಳುವಾಗ ಕರ್ಕಶ ಸದ್ದು ಬಂದು, ನಿಂತ ನಾಲ್ಕೈದು ನಿಮಿಷದಲ್ಲಿ ಎಲ್ಲ ಮಾಯವಾದರೆ ಅಡಚಣೆ ಇರುವುದು ಎದೆಯಲ್ಲಿ ಅಲ್ಲ, ಧ್ವನಿಪೆಟ್ಟಿಗೆಯಲ್ಲಿ. ಅಂಥವರಿಗೆ ಇನ್ಹೇಲರ್ ಕೊಟ್ಟರೆ ಪ್ರಯೋಜನವಿಲ್ಲ, ಉಸಿರಾಟದ ತರಬೇತಿ ಬೇಕು. ಏದುಸಿರು ಮಾತ್ರ ಇದ್ದು, ಕೆಮ್ಮೂ ಸದ್ದೂ ಇಲ್ಲದೆ ಎರಡು ಮೂರು ನಿಮಿಷದಲ್ಲಿ ಸರಿಹೋದರೆ ಅದು ಬಹುಶಃ ಅಭ್ಯಾಸದ ಕೊರತೆ, ಕೆಲವೊಮ್ಮೆ ರಕ್ತಹೀನತೆ. ಆದರೆ ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದರೆ, ಓಟವನ್ನು ಅಂದೇ ನಿಲ್ಲಿಸಿ ಮೊದಲು ಹೃದಯದ ತಪಾಸಣೆ ಮಾಡಿಸಬೇಕು.

ಈಗ ಮೈ ಬಿಸಿ ಮಾಡಿಕೊಳ್ಳುವ ವಿಷಯ, ಅಂದರೆ ವಾರ್ಮ್‌ಅಪ್. ಒಮ್ಮೆ ಶ್ವಾಸನಾಳ ಹೀಗೆ ಹಿಂಡಿಕೊಂಡು ಸಡಿಲಾದ ಮೇಲೆ, ಮುಂದಿನ ಒಂದರಿಂದ ಮೂರು ಗಂಟೆಗಳ ಕಾಲ ಮತ್ತೆ ಓಡಿದರೂ ಮೊದಲಿನಷ್ಟು ಹಿಂಡಿಕೊಳ್ಳುವುದಿಲ್ಲ. ಈ ರಕ್ಷಣೆ ಎಲ್ಲರಿಗೂ ಸಿಗುವುದಿಲ್ಲ, ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಕಾಣುತ್ತದೆ. ಆ ಅವಧಿಯನ್ನು ಬೇಕೆಂದೇ ಪಡೆಯಲು ಒಂದೇ ಸಮನೆ ನಿಧಾನವಾಗಿ ಓಡುವುದಷ್ಟೇ ಸಾಲದು, ನಡುನಡುವೆ ಬಿರುಸಿನ ಓಟ ಇರಬೇಕು. ಹತ್ತು ನಿಮಿಷ ಹಗುರವಾಗಿ ಓಡಿ, ಆಮೇಲೆ 30 ಸೆಕೆಂಡು ಜೋರಾಗಿ ಓಡಿ ಒಂದೂವರೆ ನಿಮಿಷ ನಡೆಯುವುದು. ಹೀಗೆ ಆರೇಳು ಸುತ್ತು ಆದಮೇಲೆ ಹತ್ತು ಹದಿನೈದು ನಿಮಿಷ ಸುಧಾರಿಸಿಕೊಂಡು ನಿಜವಾದ ಓಟಕ್ಕೆ ಇಳಿಯಬೇಕು. ಬಿರುಸಿನ ಓಟ ಅರ್ಧ ನಿಮಿಷಕ್ಕೇ ನಿಲ್ಲುವುದರಿಂದ ಅದು ದೊಡ್ಡ ಬಿಗಿತ ತರುವುದು ಅಪರೂಪ. ತಂದರೆ ಅಲ್ಲಿಗೇ ನಿಲ್ಲಿಸಬೇಕು. ನಸುಕಿನ ಚಳಿಯಲ್ಲಿ ಮೂಗು ಬಾಯಿಗೆ ತೆಳುವಾದ ಟವೆಲ್ಲು ಸುತ್ತಿಕೊಂಡರೆ, ಹೊರಬಿಟ್ಟ ಉಸಿರಿನ ತೇವ ಬಟ್ಟೆಯಲ್ಲಿ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ನೋಡುವವರು ನಗಬಹುದು, ನಗಲಿ.

ಮೈದಾನಗಳಲ್ಲಿ ನಾನು ಕಾಣುವ ಇನ್ನೊಂದು ರೂಢಿ ನನಗೆ ಹಿಡಿಸುವುದಿಲ್ಲ. ಗೆಳೆಯನ ಇನ್ಹೇಲರನ್ನು ಪಡೆದು, ಓಟಕ್ಕೆ ಮುಂಚೆ ಎರಡು ಪಂಪು ಎಳೆದುಕೊಳ್ಳುವುದು. ಅಂಥ ಇನ್ಹೇಲರಿನಲ್ಲಿರುವ, ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಎಂಬ ಔಷಧವನ್ನು ಓಟಕ್ಕೆ ಹದಿನೈದು ನಿಮಿಷ ಮೊದಲು ತೆಗೆದುಕೊಂಡರೆ ಬಿಗಿತ ತಪ್ಪುತ್ತದೆ ಎಂಬುದು ನಿಜ. ಆದರೆ ಅದನ್ನು ದಿನವೂ ತೆಗೆದುಕೊಳ್ಳುತ್ತ ಹೋದರೆ ಅದರ ರಕ್ಷಣೆ ಕುಂದುತ್ತದೆ, ಒಳಗಿನ ಉರಿಯೂತ ಹಾಗೆಯೇ ಉಳಿಯುತ್ತದೆ. ದಿನವೂ ಔಷಧ ಬೇಕಾಗುವವರಿಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್ಹೇಲರ್ ಬೇಕು, ಅದನ್ನು ಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಆ ಪರೀಕ್ಷೆಯ ವಿಷಯಕ್ಕೇ ಬರುತ್ತೇನೆ. ಸಿರುಗುಪ್ಪ ಕಡೆಯ ಆ ಯುವಕನಿಗೆ ಮೊದಲು ಕುಳಿತಲ್ಲೇ ಸ್ಪೈರೋಮೆಟ್ರಿ ಮಾಡಿದೆವು. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ 3.60 ಲೀಟರ್ ಗಾಳಿ ಹೊರಬಂತು. ಅವನ ವಯಸ್ಸು, ಎತ್ತರಕ್ಕೆ ಅದು ಸಹಜವಾದ ಅಂಕಿ. ಇಲ್ಲಿಗೇ ಮುಗಿಸಿ ರೋಗವಿಲ್ಲ ಎಂದು ಕಳಿಸುವುದು ಸುಲಭ, ಆದರೆ ಅದು ತಪ್ಪು. ವಿಶ್ರಾಂತಿಯಲ್ಲಿ ಉಸಿರು ಸರಿಯಿದ್ದ ಮಾತ್ರಕ್ಕೆ ಓಟದ ಉಬ್ಬಸ ಇಲ್ಲವೆಂದಾಗುವುದಿಲ್ಲ. ಹಾಗಾಗಿ ಅವನನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದೆವು. ಎರಡು ನಿಮಿಷದೊಳಗೆ ನಾಡಿಬಡಿತವನ್ನು 170ರ ಆಸುಪಾಸಿಗೆ ಏರಿಸಿ, ಅದೇ ರಭಸದಲ್ಲಿ ಇನ್ನು ಆರು ನಿಮಿಷ. ನಿಂತ ಮೇಲೆ ಐದು, ಹತ್ತು, ಹದಿನೈದು, ಮೂವತ್ತನೆಯ ನಿಮಿಷಗಳಲ್ಲಿ ಮತ್ತೆ ಊದಿಸಿದೆವು. ಅತಿ ಕಡಿಮೆ ಬಂದ ಅಂಕಿ 3.38 ಲೀಟರ್, ಅಂದರೆ ಶೇಕಡಾ 6ರಷ್ಟು ಇಳಿಕೆ. ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರ ರೋಗ ಇದೆ ಎಂದು ಹೇಳುತ್ತೇವೆ. ಅವನ ಮುಖದಲ್ಲಿ ಸಂತೋಷ, ನನಗೆ ಗೊಂದಲ.

ಹೊರಡುವಾಗ ಏನೋ ಮಾತಿಗೆ, ಬೆಳಿಗ್ಗೆ ಎಷ್ಟಕ್ಕೆ ಎದ್ದೆ ಎಂದು ಕೇಳಿದೆ. ಅಭ್ಯಾಸ ತಪ್ಪಿಸಬಾರದೆಂದು ಆರು ಗಂಟೆಗೆ ಮೈದಾನಕ್ಕೆ ಹೋಗಿ, ಓಡಿ, ಕೆಮ್ಮಿ, ಸ್ನಾನ ಮಾಡಿ ಬಸ್ಸು ಹತ್ತಿದ್ದನಂತೆ. ನಮ್ಮ ಪರೀಕ್ಷೆ ನಡೆದದ್ದು ಒಂಬತ್ತಕ್ಕೆ. ವಾರ್ಮ್‌ಅಪ್‌ನಿಂದ ಓಟಗಾರನಿಗೆ ಸಿಗುವ ಅದೇ ರಕ್ಷಣೆಯ ಅವಧಿಯೊಳಗೆ ನಾವು ಅವನನ್ನು ಓಡಿಸಿದ್ದೆವು. ಅದನ್ನು ಮೊದಲೇ ಕೇಳದೆ ಹೋದದ್ದು ನನ್ನ ತಪ್ಪು. ಮರುವಾರ ಓಡದೆ ಬರಹೇಳಿದೆ. ಅಂದು ಆರಂಭದ ಅಂಕಿ ಅದೇ 3.60. ಓಟದ ನಂತರ ಐದನೆಯ ನಿಮಿಷಕ್ಕೆ 3.20, ಹತ್ತನೆಯ ನಿಮಿಷಕ್ಕೆ 2.90. ಶೇಕಡಾ 19ರಷ್ಟು ಇಳಿಕೆ, ಜೊತೆಗೆ ಅದೇ ಕೆಮ್ಮು. ಸಾಲ್ಬುಟಮಾಲ್ ಕೊಟ್ಟ ಹದಿನೈದು ನಿಮಿಷದಲ್ಲಿ ಉಸಿರು ಮೊದಲಿನ ಮಟ್ಟಕ್ಕೆ ಮರಳಿತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ಯಾರು ಈ ಪರೀಕ್ಷೆಗೆ ಬರಬೇಕು? ಓಟ ನಿಂತ ಮೇಲೆ ಕೆಮ್ಮು ಅಥವಾ ಬಿಗಿತ ಎರಡು ಮೂರು ವಾರ ಮರುಕಳಿಸಿದವರು, ಇನ್ಹೇಲರ್ ಬಳಸಿಯೂ ಗುಣ ಕಾಣದವರು, ರಾತ್ರಿ ಕೆಮ್ಮಿನಿಂದ ಎಚ್ಚರವಾಗುವವರು ತಡಮಾಡಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿಯ ಆಸ್ಪತ್ರೆಯಲ್ಲಿ ಎದೆರೋಗದ ವೈದ್ಯರನ್ನು ಕೇಳಿ. ಆದರೆ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಯಾದರೆ, ಅದು ಪರೀಕ್ಷೆಗೆ ದಿನ ಗೊತ್ತುಮಾಡುವ ಸಮಯವಲ್ಲ, ಕೂಡಲೇ ತುರ್ತು ಚಿಕಿತ್ಸೆಗೆ ಹೋಗಬೇಕು, 108ಕ್ಕೆ ಕರೆ ಮಾಡಬೇಕು.

ಪರೀಕ್ಷೆಯ ದಿನ ನಸುಕಿನಲ್ಲಿ ಓಡಬೇಡಿ, ಬಸ್ ನಿಲ್ದಾಣಕ್ಕೂ ಓಡಿ ಹೋಗಬೇಡಿ, ಸೈಕಲ್ ತುಳಿಯಬೇಡಿ. ಚಹಾ, ಕಾಫಿ ಬೇಡ. ಸಾಲ್ಬುಟಮಾಲ್ ಬಳಸುವವರು ಅದನ್ನು ಎಂಟು ಗಂಟೆ ಮೊದಲೇ ನಿಲ್ಲಿಸಿರಬೇಕು. ಬೇರೆ ಇನ್ಹೇಲರ್ ಮತ್ತು ಮಾತ್ರೆಗಳನ್ನು ಎಷ್ಟು ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ, ನೀವಾಗಿ ಬಿಡಬೇಡಿ. ನಡುವೆ ದಮ್ಮು ಹೆಚ್ಚಾದರೆ ಇನ್ಹೇಲರ್ ತೆಗೆದುಕೊಂಡು ಪರೀಕ್ಷೆಯನ್ನು ಮುಂದೂಡಿ. ಮತ್ತೆ, ಚಪ್ಪಲಿಯಲ್ಲಿ ಬರಬೇಡಿ. ದಿನವೂ ಓಡುವ ಬೂಟನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ.

ನಮಸ್ಕಾರ.