ಬಿಸಿಬೇಳೆಬಾತ್ ಪಟ್ಟಿಯನ್ನು ಎಐ ಬರೆದಿದೆಯಾ?

[ಪರದೆಯ ಮೇಲೆ: ಕೈಬರಹದ ಹಾಳೆ]

ಅಕ್ಕಿ – 1 ಕಪ್
ತೊಗರಿಬೇಳೆ – 1 ಕಪ್
ಹುಣಸೆರಸ – 1/2 ಕಪ್
ತುಪ್ಪ – 1/4 ಕಪ್

ನಮಸ್ಕಾರ. ಇದು ಮನುಷ್ಯರೇ ಬರೆದ ಬಿಸಿಬೇಳೆಬಾತ್ ಪಟ್ಟಿ. ಆದರೂ ಎಐ ಬರಹ ಹಿಡಿಯುವ ಡಿಟೆಕ್ಟರ್‌ಗೆ ಕೊಟ್ಟರೆ, ‘ಇದು ಎಐ’ ಅನ್ನುವ ಸಾಧ್ಯತೆ ಜಾಸ್ತಿ. ಯಾಕೆ?

ಇಂಥ ಹಲವು ಡಿಟೆಕ್ಟರ್‌ಗಳು ಒಂದು ಭಾಷಾ ಮಾದರಿಯನ್ನು ಇಟ್ಟುಕೊಂಡು, ಪ್ರತಿ ಪದಕ್ಕೂ ‘ಇದು ಬರುತ್ತೆ ಅಂತ ಮೊದಲೇ ಊಹಿಸಬಹುದಿತ್ತಾ?’ ಎಂದು ನೋಡುತ್ತವೆ. ಆ ಅಳತೆಯ ಹೆಸರು ಪರ್ಪ್ಲೆಕ್ಸಿಟಿ. ಊಹೆ ಸುಲಭವಾದಷ್ಟೂ ಅಂಕ ಇಳಿಯುತ್ತದೆ, ಎಐ ಮೇಲಿನ ಅನುಮಾನ ಏರುತ್ತದೆ.

[ಪರದೆಯ ಮೇಲೆ: 16 × 4 × 1 = 64, ಘನಮೂಲ 4]

ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳು ನಾನೇ ಇಟ್ಟುಕೊಂಡವು. ಪ್ರತಿ ಸಾಲಿನಲ್ಲಿ ಸಾಮಾನಿನ ಹೆಸರನ್ನು 16ರಲ್ಲಿ ಒಂದು, ಅಳತೆಯನ್ನು 4ರಲ್ಲಿ ಒಂದು ಅಂತ ಊಹಿಸಬಹುದು. ಎರಡು ಸಾಲು ಓದಿದ ಮೇಲೆ ‘ಕಪ್’ ಬರುವುದಂತೂ ಖಚಿತ, ಅಲ್ವಾ? ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಸಾಲಿನ ಪರ್ಪ್ಲೆಕ್ಸಿಟಿ ಬರೀ 4. ಪ್ರತಿ ಪದವೂ 20ರಲ್ಲಿ ಒಂದು ಅನ್ನುವಂಥ ಪ್ಯಾರಾದಲ್ಲಿ ಅದು 20. 10ಕ್ಕಿಂತ ಕಡಿಮೆ ಬಂದರೆ ಎಐ ಅಂತ ಗೆರೆ ಎಳೆದಿದ್ದರೆ ನಮ್ಮ ಪಟ್ಟಿ ಸಿಕ್ಕಿಬಿತ್ತು. ಇಷ್ಟಕ್ಕೂ ‘ಕಪ್’ ಬದಲು ಬೇರೆ ಏನು ಬರೆಯಬೇಕಿತ್ತು? ಟೇಬಲ್‌ನ ಕಥೆಯೂ ಇದೇ.

ಇದು ಡಿಟೆಕ್ಟರ್ ಮಾಡಿದವರಿಗೂ ಗೊತ್ತಿರುವ ವಿಷಯ. 2023ರ ಜನವರಿಯಲ್ಲಿ ಓಪನ್‌ಎಐ ತನ್ನ ಡಿಟೆಕ್ಟರ್ ಬಿಟ್ಟಾಗ, ಮೊದಲ 1,000 ಅವಿಭಾಜ್ಯ ಸಂಖ್ಯೆಗಳ ಪಟ್ಟಿಯನ್ನು ಯಾರು ಬರೆದರು ಅಂತ ಹೇಳಲಾಗದು ಎಂದು ತಾನೇ ತಿಳಿಸಿತ್ತು. ಯಾರು ಬರೆದರೂ ಉತ್ತರ ಒಂದೇ ತಾನೇ! ನಿಖರತೆ ಕಡಿಮೆ ಎಂದು ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡಿತು.

[ಪರದೆಯ ಮೇಲೆ: ಪೂರ್ಣವಿರಾಮವಿಲ್ಲದ ಎಂಟು ಸಾಲಿನ ಕವಿತೆ]

ಕವಿತೆ ಇನ್ನೊಂದು ದಿಕ್ಕಿಗೆ ದಾರಿ ತಪ್ಪಿಸಬಹುದು. ಅಪರೂಪದ ಪದಜೋಡಣೆ ಇದ್ದರೆ ಪರ್ಪ್ಲೆಕ್ಸಿಟಿ ಏರಿ, ಎಐ ಬರೆದ ಕವಿತೆಯೂ ಮನುಷ್ಯರದ್ದು ಅಂತ ಪಾಸಾಗುತ್ತದೆ. ಬಾಯಿಪಾಠದ ಪ್ರಸಿದ್ಧ ಪದ್ಯವಾದರೆ ಉಲ್ಟಾ: ಮಾದರಿಗೆ ಅದು ಮೊದಲೇ ಗೊತ್ತಿರುವುದರಿಂದ ಅಂಕ ಪಾತಾಳಕ್ಕೆ.

ಕೆಲವು ಡಿಟೆಕ್ಟರ್‌ಗಳು ವಾಕ್ಯದಿಂದ ವಾಕ್ಯಕ್ಕೆ ಪರ್ಪ್ಲೆಕ್ಸಿಟಿಯ ಏರಿಳಿತವನ್ನೂ ಅಳೆಯುತ್ತವೆ. ಪೂರ್ಣವಿರಾಮ ನೋಡಿ ವಾಕ್ಯ ಕತ್ತರಿಸಿದರೆ ಈ ಎಂಟು ಸಾಲೂ ಸೇರಿ ಒಂದೇ ವಾಕ್ಯ. ಒಂದೇ ವಾಕ್ಯದಲ್ಲಿ ಏರಿಳಿತ ಎಲ್ಲಿಂದ ಬರಬೇಕು? ಸೊನ್ನೆ. ಸೊನ್ನೆ ಅಂದರೆ ‘ಯಂತ್ರದಂತೆ ಸಮತಟ್ಟು’ ಎಂದು ಡಿಟೆಕ್ಟರ್ ಓದಿಕೊಳ್ಳಬಹುದು.

ನಿಮ್ಮ ಬರಹಕ್ಕೆ ಹೀಗಾಗಿದ್ದರೆ ಒಂದು ಪರೀಕ್ಷೆ ಮಾಡಿ. ಅದೇ ಪಟ್ಟಿಯನ್ನು ನೀವೇ ಪ್ಯಾರಾ ಮಾಡಿ: ‘ಒಂದು ಕಪ್ ಅಕ್ಕಿಗೆ ಅಷ್ಟೇ ಬೇಳೆ ಹಾಕಿ, ಹುಣಸೆರಸ ಅರ್ಧ ಸಾಕು…’ ಮತ್ತೆ ಕೊಡಿ. ಬರೆದವರು ಬದಲಾಗಿಲ್ಲ. ಅಂಕ ಮಾತ್ರ ಜೋರಾಗಿ ಬದಲಾದರೆ, ಡಿಟೆಕ್ಟರ್ ನೋಡಿದ್ದು ಬರಹದ ಆಕಾರವನ್ನು. ಶಿಕ್ಷಕರಿಗೆ ನನ್ನ ಕೋರಿಕೆ: ಪಟ್ಟಿ, ಟೇಬಲ್, ಪದ್ಯ ತೆಗೆದು ಪ್ಯಾರಾಗಳನ್ನಷ್ಟೇ ಕೊಡಿ. ಉಳಿದದ್ದು ನಾಲ್ಕೇ ಸಾಲಾದರೆ ಆ ಅಂಕವನ್ನೂ ನಂಬಬೇಡಿ.