ಫ್ರೀಲಾನ್ಸರ್‌ಗೆ ‘ಕಾಂಟ್ರ್ಯಾಕ್ಟ್ ಮುಂದುವರಿಸುತ್ತಿಲ್ಲ’ ಎಂದು ಹೇಳುವುದು ಹೇಗೆ?

[ನಿರೂಪಕಿ ಕ್ಯಾಮೆರಾ ಮುಂದೆ]

ನಮಸ್ಕಾರ. ಒಂದು ಸಂದರ್ಭ ತೆಗೆದುಕೊಳ್ಳೋಣ. ಒಬ್ಬರು ಫ್ರೀಲಾನ್ಸ್ ಡಿಸೈನರ್ ಎರಡು ವರ್ಷದಿಂದ ನಿಮ್ಮ ತಂಡಕ್ಕೆ ಕೆಲಸ ಮಾಡಿಕೊಡುತ್ತಿದ್ದಾರೆ. ಆರು ತಿಂಗಳಿಗೊಮ್ಮೆ ಕಾಂಟ್ರ್ಯಾಕ್ಟ್ ರಿನ್ಯೂ ಆಗುತ್ತದೆ. ಈಗಿನದು ಜೂನ್ 30ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಕಂಪನಿಯವರು ಪೂರ್ಣಾವಧಿ ಡಿಸೈನರ್ ಒಬ್ಬರನ್ನು ತೆಗೆದುಕೊಂಡಿದ್ದಾರೆ. ಈ ಸಲ ರಿನ್ಯೂ ಇಲ್ಲ. ಅದನ್ನು ಹೇಳುವ ಕೆಲಸ ನಿಮ್ಮ ತಲೆಗೆ ಬಂದಿದೆ.

‘ನಾವೇನೂ ತೆಗೆದುಹಾಕುತ್ತಿಲ್ಲವಲ್ಲ, ಅವಧಿ ಮುಗೀತು ಅಷ್ಟೇ’ ಎನ್ನಬಹುದು. ಕಾಗದದ ಮೇಲೆ ಅದು ನಿಜ. ಆದರೆ ಇಷ್ಟು ದಿನ ತಾನಾಗಿ ರಿನ್ಯೂ ಆಗುತ್ತಿದ್ದದ್ದು ಈ ಸಲವೂ ಆಗುತ್ತದೆ ಎಂದು ಅವರು ಲೆಕ್ಕ ಹಾಕಿರುತ್ತಾರೆ. ಅದೇ ಲೆಕ್ಕದ ಮೇಲೆ ಬೇರೆ ಕ್ಲೈಂಟ್‌ಗಳಿಗೆ ‘ಸದ್ಯ ಸಮಯವಿಲ್ಲ’ ಎಂದಿರುತ್ತಾರೆ. ಹೊಸ ಕ್ಲೈಂಟ್ ಹುಡುಕಿ, ಮಾತುಕತೆ ಮುಗಿಸಿ, ಮೊದಲ ಬಿಲ್ಲಿನ ಹಣ ಕೈಗೆ ಬರುವಷ್ಟರಲ್ಲಿ ಸುಲಭವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಹಾಗಾಗಿ ನೀವು ಅವರಿಗೆ ಕೊಡಬಹುದಾದ ದೊಡ್ಡ ಕರುಣೆ ಎಂದರೆ ಸಮಯ. ನಯವಾದ ಮಾತು ಆಮೇಲಿನದು.

[ಪರದೆಯ ಮೇಲೆ: ಮೊದಲು ಕಾಂಟ್ರ್ಯಾಕ್ಟ್ ಓದಿ]

ಫೋನ್ ಎತ್ತುವ ಮೊದಲು ಕಾಂಟ್ರ್ಯಾಕ್ಟ್ ತೆರೆದು ರಿನ್ಯೂವಲ್ ಬಗ್ಗೆ ಏನಿದೆ ನೋಡಿ. ಕೆಲವು ಕಾಂಟ್ರ್ಯಾಕ್ಟ್‌ಗಳಲ್ಲಿ ‘30 ದಿನ ಮೊದಲು ಲಿಖಿತವಾಗಿ ತಿಳಿಸದಿದ್ದರೆ ಇನ್ನೊಂದು ಅವಧಿಗೆ ತಾನಾಗಿ ಮುಂದುವರಿಯುತ್ತದೆ’ ಎಂಬ ಷರತ್ತು ಇರುತ್ತದೆ. ನಮ್ಮ ಡಿಸೈನರ್ ವಿಷಯದಲ್ಲಿ ಹಾಗಿದ್ದರೆ ಮೇ 31ರೊಳಗೆ ಬರಹದಲ್ಲಿ ತಿಳಿಸಿರಬೇಕು. ಬರೀ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಮೇ 31ರವರೆಗೆ ಕಾಯಬೇಡಿ. ಮೇ ಮೊದಲ ವಾರದಲ್ಲಿ ತೀರ್ಮಾನವಾಗಿದ್ದರೆ ಮೇ ಮೊದಲ ವಾರದಲ್ಲೇ ಹೇಳಿ. ‘ಮೊದಲೇ ಹೇಳಿದರೆ ಉಳಿದ ಕೆಲಸ ಸರಿಯಾಗಿ ಮಾಡುತ್ತಾರಾ?’ ಎಂಬ ಅನುಮಾನ ತುಂಬಾ ಜನರಿಗೆ ಇರುತ್ತದೆ. ನನಗೆ ಇದು ಅಷ್ಟು ದೊಡ್ಡ ಭಯ ಅನ್ನಿಸುವುದಿಲ್ಲ. ಮುಂದಿನ ಕ್ಲೈಂಟ್ ನಿಮಗೇ ಫೋನ್ ಮಾಡಿ ವಿಚಾರಿಸಬಹುದು ಎಂದು ಅವರಿಗೂ ಗೊತ್ತಿರುತ್ತದೆ. ಇನ್ನೊಂದು ಅಪಾಯ ಅದಕ್ಕಿಂತ ಜಾಸ್ತಿ: ಹೊಸಬರು ಸೇರುವ ಸುದ್ದಿ ತಂಡದ ಗ್ರೂಪಿನಲ್ಲಿ ಬಂದು, ಅದನ್ನು ನೋಡಿಯೇ ಇವರಿಗೆ ಗೊತ್ತಾಗುವುದು.

ಅಕೌಂಟ್ಸ್ ವಿಭಾಗದವರನ್ನೂ ಒಮ್ಮೆ ಕೇಳಿಕೊಳ್ಳಿ. ಬಾಕಿ ಬಿಲ್ ಎಷ್ಟಿವೆ, ಕೊನೆಯ ಬಿಲ್ ಯಾವಾಗ ಪಾಸ್ ಆಗುತ್ತದೆ? ಮಾತಿನ ನಡುವೆ ಅವರು ಕೇಳಿಯೇ ಕೇಳುತ್ತಾರೆ.

[ಪರದೆಯ ಮೇಲೆ: ಕರೆ]

ಚಾಟ್‌ನಲ್ಲಿ ಹೇಳಬೇಡಿ. ಫೋನ್ ಅಥವಾ ವಿಡಿಯೋ ಕರೆ ಮಾಡಿ. ಕರೆಗೆ ಮುಂಚಿನ ಮೆಸೇಜ್ ಹೀಗಿರಲಿ: “ನಿಮ್ಮ ಕಾಂಟ್ರ್ಯಾಕ್ಟ್ ಬಗ್ಗೆ ಮಾತಾಡಬೇಕಿತ್ತು. ಇವತ್ತು 4 ಗಂಟೆಗೆ 20 ನಿಮಿಷ ಸಿಗುತ್ತೀರಾ?” ಮೂರು ದಿನ ಮೊದಲೇ ಇದನ್ನು ಕಳಿಸಿದರೆ ಆ ಮೂರು ದಿನ ಅವರಿಗೆ ನಿದ್ದೆ ಬರುವುದಿಲ್ಲ. ವಾರದ ಕೊನೆಯ ಸಂಜೆಯೂ ಬೇಡ. ಮರುದಿನ ಏನಾದರೂ ಕೇಳೋಣವೆಂದರೆ ನೀವು ಸಿಗುವುದಿಲ್ಲ.

ಕರೆಯಲ್ಲಿ ಮೊದಲ ಅರ್ಧ ನಿಮಿಷದಲ್ಲೇ ವಿಷಯ ಹೇಳಿ. ಈ ರೀತಿ:

“ಇದು ಒಳ್ಳೆ ಸುದ್ದಿಯಲ್ಲ. ಜೂನ್ 30ಕ್ಕೆ ನಿಮ್ಮ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ನಾವು ಅದನ್ನು ಮುಂದುವರಿಸುತ್ತಿಲ್ಲ. ಪೂರ್ಣಾವಧಿ ಡಿಸೈನರ್ ಒಬ್ಬರು ಸೇರುತ್ತಿದ್ದಾರೆ. ನೀವು ಮಾಡುತ್ತಿದ್ದ ಕೆಲಸ ಇನ್ನು ಅವರು ನೋಡಿಕೊಳ್ಳುತ್ತಾರೆ. ತೀರ್ಮಾನ ಆಗಿಬಿಟ್ಟಿದೆ.”

ಇಷ್ಟು ಹೇಳಿ ಸುಮ್ಮನಿರಿ. ಆ ಕಡೆಯಿಂದ ಮಾತು ಬರಲು ಹೊತ್ತು ಹಿಡಿಯಬಹುದು. ಆ ಮೌನ ತಡೆಯಲಾಗದೆ ನಾವು ಮಾತು ತುಂಬಿಸಲು ಹೋಗುತ್ತೇವೆ. ಎಡವಟ್ಟಾಗುವುದು ಅಲ್ಲೇ. ‘ನೋಡೋಣ, ಮುಂದೆ ಏನಾದರೂ ಇದ್ದರೆ ಹೇಳ್ತೀವಿ’ ಎಂದು ಬಾಯಿತಪ್ಪಿ ಬಂದುಬಿಡುತ್ತದೆ. ನಿಮಗೆ ಅದು ಸಮಾಧಾನದ ಮಾತು. ಅವರಿಗೆ ಅದು ಆಸೆ. ಅದನ್ನು ನಂಬಿಕೊಂಡು ಎರಡು ತಿಂಗಳು ಬೇರೆ ಕೆಲಸ ಒಪ್ಪಿಕೊಳ್ಳದೆ ಕೂತರೆ?

ಕಾರಣ ಒಂದೇ ಇರಲಿ, ನಿಜವಾದದ್ದೇ ಇರಲಿ. ತುಂಬಾ ಜನ ‘ಬಜೆಟ್ ಇಲ್ಲ’ ಎಂಬ ಮಾತಿನ ಹಿಂದೆ ಅಡಗುತ್ತಾರೆ. ಆ ಕಡೆಯಿಂದ “ಪರವಾಗಿಲ್ಲ, ರೇಟ್ ಕಡಿಮೆ ಮಾಡಿಕೊಳ್ಳುತ್ತೇನೆ” ಎಂಬ ಉತ್ತರ ಬಂದರೆ ಏನು ಹೇಳುತ್ತೀರಿ? ಇನ್ನೊಂದು ಸುಳ್ಳು ಹುಡುಕಬೇಕಾಗುತ್ತದೆ.

ಕೆಲಸವೇ ಸರಿಯಿರಲಿಲ್ಲ ಎಂಬುದು ಕಾರಣವಾದರೆ ಅದನ್ನೂ ಹೇಳಿ, ಆದರೆ ನಡೆದದ್ದನ್ನು ಹೇಳಿ. “ಕಳೆದ ನಾಲ್ಕು ಡಿಸೈನ್‌ಗಳಲ್ಲಿ ಮೂರು ಒಂದು ವಾರ ತಡವಾಗಿ ಬಂದವು” ಎಂದರೆ ಅವರಿಗೆ ತಿದ್ದಿಕೊಳ್ಳಲು ಏನೋ ಸಿಗುತ್ತದೆ. “ಯಾಕೋ ಹೊಂದಿಕೆ ಆಗಲಿಲ್ಲ” ಎಂದರೆ ಏನೂ ಸಿಗುವುದಿಲ್ಲ.

ನಮ್ಮ ಡಿಸೈನರ್ ಕೇಳಬಹುದಾದ ಅತಿ ಕಷ್ಟದ ಪ್ರಶ್ನೆ ಬೇರೆ ಇದೆ: “ಆ ಪೂರ್ಣಾವಧಿ ಕೆಲಸಕ್ಕೆ ನನ್ನನ್ನೇ ಯಾಕೆ ಕೇಳಲಿಲ್ಲ?” ಇದಕ್ಕೆ ಕರೆಗೆ ಮೊದಲೇ ಉತ್ತರ ಯೋಚಿಸಿಟ್ಟುಕೊಳ್ಳಿ. ಆ ಹುದ್ದೆಗೆ ವಿಡಿಯೋ ಎಡಿಟಿಂಗ್ ಕೂಡ ಬೇಕಿತ್ತು ಎಂದಾದರೆ ಹಾಗೆಂದು ಹೇಳಿ. ಕೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ ಎಂದಾದರೆ, ಕಷ್ಟವಾದರೂ, ಅದನ್ನೇ ಹೇಳಿ. ‘ನೀವು ಫ್ರೀಲಾನ್ಸ್ ಇಷ್ಟಪಡುತ್ತೀರಿ ಅಂದುಕೊಂಡೆವು’ ಎಂದು ಅವರ ಪರವಾಗಿ ನೀವೇ ಕಾರಣ ಹುಟ್ಟಿಸಬೇಡಿ.

ಅವರಿಗೆ ಸಿಟ್ಟು ಬರಬಹುದು. ಬಂದರೆ ಕೇಳಿಸಿಕೊಳ್ಳಿ, ವಾದಕ್ಕೆ ಇಳಿಯಬೇಡಿ. ‘ನನಗೂ ಇದು ತುಂಬಾ ಕಷ್ಟ’ ಎನ್ನಬೇಡಿ ದಯವಿಟ್ಟು. ಕೆಲಸ ಹೋಗುತ್ತಿರುವುದು ಅವರದು, ನಿಮ್ಮದಲ್ಲ ಅಲ್ವಾ?

[ಪರದೆಯ ಮೇಲೆ: ಮುಂದೇನು]

ಸುದ್ದಿ ತಲೆಗೆ ಇಳಿದ ಮೇಲೆ ಮುಂದಿನ ವ್ಯವಸ್ಥೆ ಹೇಳಿ. ಇಲ್ಲಿ ಹೆಚ್ಚಾಗಿ ಜಗಳವಾಗುವುದು ಹ್ಯಾಂಡೋವರ್ ವಿಷಯಕ್ಕೆ. ಮೂಲ ಫೈಲ್‌ಗಳನ್ನು ಜೋಡಿಸಿ ಕೊಡುವುದು, ಹೊಸಬರಿಗೆ ವಿವರಿಸುವುದು ಎಲ್ಲವೂ ಕೆಲಸವೇ. ಡಿಸೈನ್‌ಗೆ ಇಷ್ಟು ಎಂದು ಬಿಲ್ ಮಾಡುವವರಿಗೆ ಇದಕ್ಕೆ ಬೇರೆ ಹಣ ಕೊಡಬೇಕು. “ಹ್ಯಾಂಡೋವರ್‌ಗೆ 8 ಗಂಟೆ ಎಂದು ಬೇರೆ ಬಿಲ್ ಹಾಕಿ” ಎಂದು ನೀವೇ ಮೊದಲು ಹೇಳಿಬಿಡಿ. ತಮ್ಮ ಜಾಗಕ್ಕೆ ಬರುವವರಿಗೆ ಪುಕ್ಕಟೆಯಾಗಿ ಕಲಿಸಿಕೊಡಿ ಎಂದು ಕೇಳುವುದು ತಪ್ಪು.

ಕರೆ ನಡೆಯುತ್ತಿರುವಾಗಲೇ ಲಾಗಿನ್ ಬಂದ್ ಮಾಡಿಸಬೇಡಿ. ಕಳ್ಳರನ್ನು ನೋಡಿದ ಹಾಗಾಗುತ್ತದೆ. ಜೂನ್ 30ರ ಸಂಜೆ ಸಾಕು. ಬಿಲ್ ಹಾಕುವ ಪೋರ್ಟಲ್ ಮಾತ್ರ ಕೊನೆಯ ಹಣ ಸೇರುವವರೆಗೂ ತೆರೆದಿರಲಿ. ಬೇರೆ ಲಾಗಿನ್‌ಗಳ ಜೊತೆ ಇದನ್ನೂ ಮುಚ್ಚಿಬಿಟ್ಟು, ಆಮೇಲೆ ಕೊನೆಯ ಬಿಲ್ ಹಾಕಲಾಗದೆ ಒದ್ದಾಡುವುದು ಬಹಳ ಕಡೆ ಆಗುತ್ತದೆ.

ಕರೆ ಮುಗಿದ ಒಂದು ಗಂಟೆಯೊಳಗೆ ಮೇಲ್ ಹೋಗಲಿ. ಇಂಥ ಕರೆಯಲ್ಲಿ ಹೇಳಿದ್ದು ಅರ್ಧ ನೆನಪಿರುವುದಿಲ್ಲ.

[ಪರದೆಯ ಮೇಲೆ ಮೇಲ್]

“ಇವತ್ತು ಮಾತಾಡಿದಂತೆ, ನಿಮ್ಮ ಕಾಂಟ್ರ್ಯಾಕ್ಟ್ ಜೂನ್ 30ಕ್ಕೆ ಮುಗಿಯುತ್ತದೆ, ಮುಂದುವರಿಯುವುದಿಲ್ಲ. ಈ ಕೆಲಸವನ್ನು ಇನ್ನು ಪೂರ್ಣಾವಧಿ ಡಿಸೈನರ್ ನೋಡಿಕೊಳ್ಳುತ್ತಾರೆ. ಜೂನ್ ತಿಂಗಳ ಎರಡು ಡಿಸೈನ್‌ಗಳು ಮೊದಲಿನ ಹಾಗೇ ಇವೆ. ಹ್ಯಾಂಡೋವರ್‌ಗೆ 8 ಗಂಟೆ ಬೇರೆ ಬಿಲ್ ಮಾಡಿ. ಕೊನೆಯ ಬಿಲ್ ಜುಲೈ 5ರೊಳಗೆ ಕಳಿಸಿದರೆ ಜುಲೈ 15ಕ್ಕೆ ಹಣ ಬರುತ್ತದೆ. ಈಗಾಗಲೇ ಪ್ರಕಟವಾಗಿರುವ ಡಿಸೈನ್‌ಗಳನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳಬಹುದು. ಶಿಫಾರಸು ಪತ್ರವನ್ನು ಈ ವಾರದೊಳಗೆ ಕಳಿಸುತ್ತೇನೆ.”

ಶಿಫಾರಸು ಪತ್ರದ ಸಾಲನ್ನು ನಿಜವಾಗಿ ಬರೆದುಕೊಡುವುದಾದರೆ ಮಾತ್ರ ಸೇರಿಸಿ. ಜುಲೈ 15ರಂದು ಹಣ ಹೋಗಿದೆಯಾ ಎಂದು ಅಕೌಂಟ್ಸ್‌ನವರನ್ನು ನೀವೇ ಒಮ್ಮೆ ಕೇಳಿ. ಅಷ್ಟು ಹೊತ್ತಿಗೆ ಅವರು ತಂಡದ ಗ್ರೂಪಿನಲ್ಲೂ ಇರುವುದಿಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿರುವುದಿಲ್ಲ.